ಬಿಪಿ, ಶುಗರ್ ಮಾತ್ರೆಗೆ ಅದೇ ಸಾಲ್ಟಿನ ಅಗ್ಗದ ಜನರಿಕ್ ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಜ್ವರಕ್ಕೆ ಮೂರು ದಿನ ನುಂಗುವ ಮಾತ್ರೆಯಲ್ಲಿ, ದೊಡ್ಡ ಬ್ರಾಂಡಿನ ಬದಲು ಅದೇ ಔಷಧ ಇರುವ ಅಗ್ಗದ ಜನರಿಕ್ ಕೊಂಡರೆ ಉಳಿಯುವುದು ಕೆಲವೇ ರೂಪಾಯಿ. ತಿಂಗಳು ತಿಂಗಳು, ವರ್ಷಗಟ್ಟಲೆ ತೆಗೆದುಕೊಳ್ಳುವ ಬಿಪಿ, ಶುಗರ್, ಹೃದಯದ ಮಾತ್ರೆಗಳ ಲೆಕ್ಕ ಹಾಗಲ್ಲ. ಆದ್ದರಿಂದ ಇಲ್ಲಿ ಅವುಗಳ ಬಗ್ಗೆಯೇ ಬರೆದಿದ್ದೇವೆ. ಉದಾಹರಣೆಗೆ ಅರವತ್ತು ದಾಟಿದವರಿಗೆ ಸಾಮಾನ್ಯವಾಗಿ ಬರೆಯುವಂಥ ಮೂರು ಮಾತ್ರೆಯ ಚೀಟಿಯೊಂದನ್ನು ಇಟ್ಟುಕೊಂಡಿದ್ದೇವೆ: ಬೆಳಿಗ್ಗೆ ಒಂದು ಟೆಲ್ಮಾ-ಎಚ್, ಬೆಳಿಗ್ಗೆ ಒಂದು ಮೆಟ್ ಎಕ್ಸ್‌ಎಲ್ 50, ಬೆಳಿಗ್ಗೆ ಮತ್ತು ರಾತ್ರಿ ಊಟಕ್ಕೆ ಮುಂಚೆ ಒಂದೊಂದು ಗ್ಲೈಕೋಮೆಟ್ ಜಿಪಿ 1.

"ಅದೇ ಸಾಲ್ಟ್" ಎಂದರೆ ಏನೇನು ಒಂದೇ ಇರಬೇಕು?

ನಾಲ್ಕು ಸಂಗತಿಗಳು. ಮೊದಲನೆಯದು ಸಾಲ್ಟ್, ಅಂದರೆ ಮಾತ್ರೆಯೊಳಗೆ ಕೆಲಸ ಮಾಡುವ ಔಷಧದ ಹೆಸರು. ಮಾತ್ರೆಯಲ್ಲಿ ಎರಡು ಔಷಧ ಸೇರಿದ್ದರೆ ಎರಡೂ ಅವೇ ಇರಬೇಕು. ಎರಡನೆಯದು ಪ್ರತಿಯೊಂದರ ಪ್ರಮಾಣ, ಅಂದರೆ ಎಷ್ಟು ಮಿಲಿಗ್ರಾಂ ಎಂಬುದು. ಮೂರನೆಯದು ರೂಪ: ನುಂಗುವ ಮಾತ್ರೆಯೋ, ಕ್ಯಾಪ್ಸೂಲೋ, ಬಾಯಲ್ಲಿ ಕರಗುವ ಮಾತ್ರೆಯೋ, ಸಿರಪ್ಪೋ. ನಾಲ್ಕನೆಯದು ಔಷಧ ಹೊಟ್ಟೆಯೊಳಗೆ ಹೇಗೆ ಬಿಡುಗಡೆಯಾಗುತ್ತದೆ ಎಂಬುದು: ಒಮ್ಮೆಲೇ ಕರಗುತ್ತದೆಯೋ ಅಥವಾ ಹಲವು ಗಂಟೆಗಳ ಕಾಲ ನಿಧಾನವಾಗಿ ಬಿಡುತ್ತದೆಯೋ. ಎಸ್‌ಆರ್, ಇಆರ್, ಎಕ್ಸ್‌ಆರ್, ಎಕ್ಸ್‌ಎಲ್, ಪಿಆರ್ ಎಂಬ ಅಕ್ಷರಗಳೆಲ್ಲ ನಿಧಾನ ಬಿಡುಗಡೆಯನ್ನೇ ಹೇಳುತ್ತವೆ.

ಹೆಚ್ಚಿನವರು ಮೊದಲ ಎರಡನ್ನು ನೋಡಿ ನಿಲ್ಲಿಸುತ್ತಾರೆ. ಎಡವುವುದು ನಾಲ್ಕನೆಯದರಲ್ಲಿ. ಮೆಟ್‌ಫಾರ್ಮಿನ್ 500 ಎಂಬ ಸಾದಾ ಮಾತ್ರೆ ಬೇರೆ, ಮೆಟ್‌ಫಾರ್ಮಿನ್ 500 ಎಸ್‌ಆರ್ ಬೇರೆ. ಸಾಲ್ಟ್ ಅದೇ, ಮಿಲಿಗ್ರಾಂ ಅದೇ. ಆದರೆ ಎಸ್‌ಆರ್ ಒಗ್ಗಿದ್ದವರು ಸಾದಾ ಮಾತ್ರೆಗೆ ಬಂದರೆ ಹೊಟ್ಟೆ ತೊಳಸುವುದು, ಭೇದಿ ಶುರುವಾಗುವುದು ಉಂಟು. ಆಮೇಲೆ "ಜನರಿಕ್ ಒಗ್ಗಲಿಲ್ಲ" ಎಂದು ಕೈಬಿಡುತ್ತಾರೆ. ಒಗ್ಗದೇ ಹೋದದ್ದು ಜನರಿಕ್ ಅಲ್ಲ, ತಪ್ಪಾಗಿ ಆರಿಸಿದ ರೂಪ.

ಮಾತ್ರೆಯ ಬಣ್ಣ, ಆಕಾರ, ಗಾತ್ರ, ಕಂಪನಿಯ ಹೆಸರು ಹೊಂದಬೇಕಾಗಿಲ್ಲ.

ಕಂಪೊಸಿಷನ್ ಎಲ್ಲಿ ಬರೆದಿರುತ್ತದೆ?

ಸ್ಟ್ರಿಪ್‌ನ ಹಿಂಬದಿಯಲ್ಲಿ, "ಪ್ರತಿ ಮಾತ್ರೆಯಲ್ಲಿ ಇರುವುದು" ಎಂಬ ಅರ್ಥದ ಇಂಗ್ಲಿಷ್ ಸಾಲಿನ ಕೆಳಗೆ. ಸಾಲ್ಟಿನ ಹೆಸರು ಬ್ರಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಇರಬೇಕೆಂಬ ನಿಯಮ 2018ರಲ್ಲಿ ಬಂತು, ಹಾಗಾಗಿ ಈಗ ಓದುವುದು ಮೊದಲಿಗಿಂತ ಸುಲಭ. ಹೆಸರಿನ ಪಕ್ಕದ ಐಪಿ ಎಂಬ ಎರಡಕ್ಷರ ಭಾರತೀಯ ಔಷಧಕೋಶದ ಗುರುತು. ಅದು ಸಾಲ್ಟಿನ ಭಾಗವಲ್ಲ. ಬಣ್ಣಕ್ಕೆ ಬಳಸಿದ ಟೈಟಾನಿಯಂ ಡೈಆಕ್ಸೈಡ್ ಮುಂತಾದ ಹೆಸರುಗಳನ್ನೂ ಬಿಟ್ಟು ಓದಬಹುದು.

ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಪ್ಯಾಕಿನ ಮೇಲೆ 2023ರ ಆಗಸ್ಟ್ 1ರ ನಂತರ ಕ್ಯೂಆರ್ ಕೋಡ್ ಕಡ್ಡಾಯ. ಅಕ್ಷರ ಸಣ್ಣದಾಗಿ ಕಣ್ಣಿಗೆ ಕಾಣದಿದ್ದರೆ ಫೋನಿನಲ್ಲಿ ಅದನ್ನು ಸ್ಕ್ಯಾನ್ ಮಾಡಿ, ಜನರಿಕ್ ಹೆಸರು, ತಯಾರಕರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಖು ತೆರೆಯ ಮೇಲೆ ಬರುತ್ತವೆ.

ಕೈಯಲ್ಲಿ ಚೀಟಿ ಮಾತ್ರ ಇದ್ದು ಸ್ಟ್ರಿಪ್ ಇಲ್ಲದಿದ್ದರೆ ಬ್ರಾಂಡ್ ಹೆಸರಿನಿಂದ ಊಹೆ ಮಾಡಬೇಡಿ. ಮೊದಲ ತಿಂಗಳು ಬರೆದ ಬ್ರಾಂಡನ್ನೇ ಹತ್ತು ಮಾತ್ರೆ ತಂದು, ಆ ಸ್ಟ್ರಿಪ್‌ನ ಹಿಂಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಹುಡುಕಾಟಕ್ಕೆಲ್ಲ ಆ ಫೋಟೊವೇ ಆಧಾರ.

ಮೇಲೆ ಹೇಳಿದ ಚೀಟಿಯ ಮೂರು ಮಾತ್ರೆಗಳನ್ನು ಬಿಡಿಸಿದರೆ ಏನು ಸಿಗುತ್ತದೆ?

ಟೆಲ್ಮಾ-ಎಚ್‌ನಲ್ಲಿ ಇರುವುದು ಟೆಲ್ಮಿಸಾರ್ಟನ್ 40 ಮಿಲಿಗ್ರಾಂ ಮತ್ತು ಹೈಡ್ರೋಕ್ಲೋರೋಥಯಾಜೈಡ್ 12.5 ಮಿಲಿಗ್ರಾಂ. ಮೊದಲನೆಯದು ರಕ್ತನಾಳ ಸಡಿಲಿಸುವ ಔಷಧ. ಎರಡನೆಯದು ಮೂತ್ರದ ಮೂಲಕ ಉಪ್ಪು, ನೀರು ಹೊರಹಾಕುವಂಥದ್ದು. ಬ್ರಾಂಡ್ ಹೆಸರಿನ ಕೊನೆಯ ಎಚ್ ಈ ಎರಡನೆಯ ಔಷಧದ ಗುರುತು.

ಗ್ಲೈಕೋಮೆಟ್ ಜಿಪಿ 1ರಲ್ಲಿ ಗ್ಲಿಮೆಪಿರೈಡ್ 1 ಮಿಲಿಗ್ರಾಂ ಮತ್ತು ನಿಧಾನ ಬಿಡುಗಡೆಯ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಇದೆ. ಹೆಸರಿನ 1 ಹೇಳುವುದು ಗ್ಲಿಮೆಪಿರೈಡ್‌ನ ಪ್ರಮಾಣವನ್ನು ಮಾತ್ರ. ಮೆಟ್‌ಫಾರ್ಮಿನ್ ಎಷ್ಟು ಎಂಬುದು ಹೆಸರಿನಲ್ಲಿ ಇಲ್ಲ. ಅದೇ ಸಾಲಿನ ಜಿಪಿ 2ರಲ್ಲಿ ಗ್ಲಿಮೆಪಿರೈಡ್ ಎರಡು ಪಟ್ಟು. ಜಿಪಿ 1 ಫೋರ್ಟೆಯಲ್ಲಿ ಗ್ಲಿಮೆಪಿರೈಡ್ ಅಷ್ಟೇ ಇದ್ದು ಮೆಟ್‌ಫಾರ್ಮಿನ್ 1000.

ಮೆಟ್ ಎಕ್ಸ್‌ಎಲ್ 50ರಲ್ಲಿ ಮೆಟೊಪ್ರೊಲಾಲ್ ಸಕ್ಸಿನೇಟ್ ಇದೆ, ನಿಧಾನ ಬಿಡುಗಡೆಯ ರೂಪದಲ್ಲಿ. ಇದರ ಪ್ರಮಾಣದ ಸಾಲು ಸ್ವಲ್ಪ ಗೊಂದಲದ್ದು, ಆದ್ದರಿಂದ ಮುಂದಿನ ಪ್ರಶ್ನೆಯನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಈಗ ಒಂದು ಹಾಳೆಯಲ್ಲಿ ಬ್ರಾಂಡ್ ಹೆಸರುಗಳನ್ನು ಬಿಟ್ಟು ಹೀಗೆ ಬರೆದುಕೊಳ್ಳಿ: "ಟೆಲ್ಮಿಸಾರ್ಟನ್ 40 ಜೊತೆ ಹೈಡ್ರೋಕ್ಲೋರೋಥಯಾಜೈಡ್ 12.5, ಮಾತ್ರೆ, ಬೆಳಿಗ್ಗೆ 1. ಗ್ಲಿಮೆಪಿರೈಡ್ 1 ಜೊತೆ ಮೆಟ್‌ಫಾರ್ಮಿನ್ 500 ಎಸ್‌ಆರ್, ಮಾತ್ರೆ, ಊಟಕ್ಕೆ ಮುಂಚೆ ಬೆಳಿಗ್ಗೆ 1, ರಾತ್ರಿ 1. ಮೆಟೊಪ್ರೊಲಾಲ್ ಸಕ್ಸಿನೇಟ್ ಇಆರ್ 50, ಮಾತ್ರೆ, ಬೆಳಿಗ್ಗೆ 1." ಅಂಗಡಿಯಲ್ಲಿ ತೋರಿಸಬೇಕಾದದ್ದು, ಡಾಕ್ಟರ ಮುಂದೆ ಇಡಬೇಕಾದದ್ದು ಇದೇ ಹಾಳೆ. ಕನ್ನಡದ ಸಾಲಿನ ಕೆಳಗೆ ಸ್ಟ್ರಿಪ್‌ನಲ್ಲಿ ಇರುವಂತೆ ಇಂಗ್ಲಿಷ್ ಹೆಸರನ್ನೂ ಅಕ್ಷರಕ್ಕೆ ಅಕ್ಷರ ಇಳಿಸಿಕೊಂಡಿರಿ.

ಒಂದು ಸ್ಟ್ರಿಪ್‌ನಲ್ಲಿ ಮೆಟೊಪ್ರೊಲಾಲ್ 47.5 ಎಂದಿದೆ, ಇನ್ನೊಂದರಲ್ಲಿ 50 ಎಂದಿದೆ. ಇವೆರಡೂ ಬೇರೆಯೇ?

ಸಾಮಾನ್ಯವಾಗಿ ಎರಡೂ ಒಂದೇ. ಮಾತ್ರೆಯಲ್ಲಿ ಮೆಟೊಪ್ರೊಲಾಲ್ ಅಣು ಒಂಟಿಯಾಗಿ ಇರುವುದಿಲ್ಲ, ಸಕ್ಸಿನೇಟ್ ಅಥವಾ ಟಾರ್ಟ್ರೇಟ್ ಎಂಬ ಜೋಡಿಯೊಂದಿಗೆ ಸೇರಿರುತ್ತದೆ. ಜೋಡಿ ಬದಲಾದರೆ ತೂಕವೂ ಬದಲಾಗುತ್ತದೆ. ಸಕ್ಸಿನೇಟ್ 47.5 ಮಿಲಿಗ್ರಾಂನಲ್ಲಿ ಇರುವ ಮೆಟೊಪ್ರೊಲಾಲ್, ಟಾರ್ಟ್ರೇಟ್ 50 ಮಿಲಿಗ್ರಾಂನಲ್ಲಿ ಇರುವಷ್ಟೇ. ಆದ್ದರಿಂದ ಸ್ಟ್ರಿಪ್ ಮೇಲೆ "ಸಕ್ಸಿನೇಟ್ 47.5, ಟಾರ್ಟ್ರೇಟ್ 50ಕ್ಕೆ ಸಮ" ಎಂಬರ್ಥದ ಸಾಲು ಇರುತ್ತದೆ. ಮುಂಬದಿಯಲ್ಲಿ 50 ಎಂದು ಮುದ್ರಿಸಿರುತ್ತಾರೆ.

ಇಲ್ಲೊಂದು ಅಪಾಯವಿದೆ. ಈ ಸಮದ ಲೆಕ್ಕ ನೋಡಿ "ಹಾಗಾದರೆ ಟಾರ್ಟ್ರೇಟ್ 50 ಮಾತ್ರೆಯೇ ತಂದರಾಯಿತು, ಅಗ್ಗ" ಎಂದು ಕೆಲವರು ಅಂದುಕೊಳ್ಳುತ್ತಾರೆ. ಟಾರ್ಟ್ರೇಟ್ ಸಾದಾ ಮಾತ್ರೆ ಬೇಗ ಕರಗಿ ಬೇಗ ಮುಗಿಯುತ್ತದೆ, ದಿನಕ್ಕೆ ಎರಡು ಬಾರಿ ಬೇಕಾಗುತ್ತದೆ. ಸಕ್ಸಿನೇಟ್ ಇಆರ್ ಒಂದನ್ನು ಬೆಳಿಗ್ಗೆ ನುಂಗಿದರೆ ಇಡೀ ದಿನಕ್ಕೆ ಸಾಕು. ಹೃದಯ ವೈಫಲ್ಯ ಇರುವವರಿಗೆ ಡಾಕ್ಟರು ಸಕ್ಸಿನೇಟನ್ನೇ ಬೇಕೆಂದು ಬರೆದಿರುತ್ತಾರೆ. ಇಲ್ಲಿ ಜೋಡಿಯ ಹೆಸರೂ ಹೊಂದಲೇಬೇಕು.

ಉಳಿದವುಗಳಲ್ಲಿ ಇಷ್ಟು ತೊಡಕಿಲ್ಲ. ಬಿಪಿಯ ಇನ್ನೊಂದು ಮಾತ್ರೆಯ ಮೇಲೆ "ಅಮ್ಲೋಡಿಪಿನ್ ಬೆಸಿಲೇಟ್, ಅಮ್ಲೋಡಿಪಿನ್ 5ಕ್ಕೆ ಸಮ" ಎಂದು ಬರೆದಿದ್ದರೆ "ಸಮ" ಎಂಬ ಪದದ ನಂತರದ ಅಂಕಿಯನ್ನು ಹೋಲಿಸಿ. ಆದರೆ ಎಸ್-ಅಮ್ಲೋಡಿಪಿನ್ 2.5 ಎಂಬುದು ಅಮ್ಲೋಡಿಪಿನ್ 5ರ ಅರ್ಧ ಮಾತ್ರೆಯಲ್ಲ. ಅದು ಬೇರೆಯೇ ಔಷಧವೆಂದು ಎಣಿಸಿ, ಡಾಕ್ಟರನ್ನು ಕೇಳದೆ ಅದಲುಬದಲು ಮಾಡಬೇಡಿ.

ಬ್ರಾಂಡ್ ಹೆಸರಿನ ಕೊನೆಯ ಅಕ್ಷರಗಳನ್ನು ನಂಬಬಹುದೇ?

ಆ ಅಕ್ಷರಗಳನ್ನು ಎಚ್ಚರಿಕೆಯ ಗುರುತಾಗಿ ಮಾತ್ರ ನೋಡಿ, ಕಂಪೊಸಿಷನ್‌ಗೆ ಬದಲಾಗಿ ಅಲ್ಲ. ಟೆಲ್ಮಾ, ಟೆಲ್ಮಾ-ಎಚ್, ಟೆಲ್ಮಾ-ಎಎಂ, ಟೆಲ್ಮಾ-ಸಿಟಿ ನಾಲ್ಕೂ ಬೇರೆ. ಎಎಂ ಎಂದರೆ ಜೊತೆಗೆ ಅಮ್ಲೋಡಿಪಿನ್, ಸಿಟಿ ಎಂದರೆ ಕ್ಲೋರ್‌ಥಾಲಿಡೋನ್. ಇನ್ನೊಂದು ಕಂಪನಿ ಅದೇ ಅಕ್ಷರವನ್ನು ಬೇರೆ ಅರ್ಥದಲ್ಲಿ ಬಳಸಬಹುದು. ಅದನ್ನು ತಡೆಯುವ ಏಕರೂಪದ ಪದ್ಧತಿ ಇಲ್ಲ.

ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾನ್ 40 ಮತ್ತು ಪ್ಯಾನ್-ಡಿ ಇನ್ನೊಂದು ಹಳೆಯ ಗೊಂದಲ. ಡಿ ಎಂದಾಗ ಪ್ಯಾಂಟೊಪ್ರಜೋಲ್ 40ರ ಜೊತೆ ನಿಧಾನ ಬಿಡುಗಡೆಯ ಡೊಂಪೆರಿಡೋನ್ 30 ಇರುತ್ತದೆ. ಬಿಡಿಯಾಗಿ ಸಿಗುವ ಸಾದಾ ಡೊಂಪೆರಿಡೋನ್ 10 ಮಾತ್ರೆ ಅದಕ್ಕೆ ಸಮವಲ್ಲ.

ಅಗ್ಗದ್ದು ಎಲ್ಲಿ ಇದೆ ಎಂದು ಮನೆಯಲ್ಲೇ ಕೂತು ನೋಡುವುದು ಹೇಗೆ?

ಸರ್ಕಾರದ ಯೋಜನೆಯಡಿ ಜನರಿಕ್ ಮಾರುವ ಜನೌಷಧಿ ಕೇಂದ್ರಗಳ ಔಷಧ ಪಟ್ಟಿಯಿಂದ ಶುರುಮಾಡಿ. `Janaushadhi Sugam` ಆ್ಯಪ್‌ನಲ್ಲಿ ಅಥವಾ `janaushadhi.gov.in` ತಾಣದಲ್ಲಿ ಬ್ರಾಂಡ್ ಹೆಸರಿನ ಬದಲು ಸಾಲ್ಟಿನ ಹೆಸರನ್ನೇ ಇಂಗ್ಲಿಷ್‌ನಲ್ಲಿ ಹಾಕಿ. ಎರಡು ಸಾಲ್ಟ್ ಇದ್ದಾಗ ಒಂದನ್ನು ಮಾತ್ರ ಹಾಕುವುದು ಮೇಲು. `Telmisartan` ಎಂದಷ್ಟೇ ಟೈಪ್ ಮಾಡಿದರೆ ಟೆಲ್ಮಿಸಾರ್ಟನ್ ಇರುವ ಒಂಟಿ ಮಾತ್ರೆ, ಜೋಡಿ ಮಾತ್ರೆಗಳು ಸಾಲಾಗಿ ಬರುತ್ತವೆ, ಅದರಲ್ಲಿ ನಿಮ್ಮ ಹಾಳೆಯ ಸಾಲಿಗೆ ಹೊಂದುವುದನ್ನು ಆರಿಸಿಕೊಳ್ಳಬಹುದು. ಎರಡನ್ನೂ ಒಟ್ಟಿಗೆ ಹಾಕಿದಾಗ ಒಂದಕ್ಷರ ತಪ್ಪಿದರೂ "ಇಲ್ಲ" ಎಂದು ತೋರಿಸಿಬಿಡಬಹುದು. ಪಟ್ಟಿಯಲ್ಲಿ ಪ್ರತಿ ಔಷಧಕ್ಕೂ ಒಂದು ಕೋಡ್ ನಂಬರ್ ಇದೆ. ಅದನ್ನು ಬರೆದುಕೊಂಡು ಹೋದರೆ ಕೌಂಟರ್‌ನಲ್ಲಿ ಹೆಸರು ಉಚ್ಚರಿಸುವ ಕಷ್ಟ ತಪ್ಪುತ್ತದೆ.

ಹತ್ತಿರದ ಕೇಂದ್ರ ಯಾವುದೆಂಬುದೂ ಅದೇ ಆ್ಯಪ್‌ನಲ್ಲಿ ಸಿಗುತ್ತದೆ. ಆದರೆ ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಆ ಕೇಂದ್ರದಲ್ಲಿ ಸ್ಟಾಕ್ ಇರುತ್ತದೆ ಎಂದಲ್ಲ. ಹೊರಡುವ ಮುಂಚೆ ಫೋನ್ ಮಾಡಿ. ಸಹಾಯವಾಣಿ 1800 180 8080, ಶುಲ್ಕವಿಲ್ಲ. ಮಾತ್ರೆ ಮುಗಿಯುವ ದಿನ ಹೋಗುವ ಅಭ್ಯಾಸವಿದ್ದರೆ ಅದನ್ನು ಬಿಡಬೇಕು. ಹತ್ತು ದಿನದ ಮಾತ್ರೆ ಕೈಯಲ್ಲಿರುವಾಗಲೇ ಕೇಳಿದರೆ, ಇಲ್ಲದಿದ್ದರೂ ತರಿಸಿಕೊಡಲು ಅವರಿಗೆ ಸಮಯ ಸಿಗುತ್ತದೆ.

ಜನೌಷಧಿಯಲ್ಲಿ ಸಿಗದಿದ್ದರೆ ಅದೇ ಸಾಲ್ಟಿನ ಬೇರೆ ಬ್ರಾಂಡ್‌ಗಳನ್ನು ನೋಡಿ. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರದ `Pharma Sahi Daam` ಆ್ಯಪ್ ಇದಕ್ಕೆ ಉಪಯುಕ್ತ. ಆನ್‌ಲೈನ್ ಔಷಧ ಮಳಿಗೆಗಳಲ್ಲೂ ಒಂದು ಬ್ರಾಂಡಿನ ಪುಟ ತೆರೆದರೆ ಕೆಳಗೆ ಬದಲಿಗಳ ಪಟ್ಟಿ ಇರುತ್ತದೆ. ಆ ಪಟ್ಟಿಯಿಂದ ಹೆಸರು ತೆಗೆದುಕೊಂಡು, ಕಂಪೊಸಿಷನ್ ಅನ್ನು ಮಾತ್ರ ಸ್ಟ್ರಿಪ್‌ನ ಫೋಟೊ ನೋಡಿಯೇ ತಾಳೆ ಹಾಕಿ, ಏಕೆಂದರೆ ಸಾದಾ ಮತ್ತು ಎಸ್‌ಆರ್ ಒಟ್ಟಿಗೆ ಬೆರೆತು ಬರುವ ಸಾಧ್ಯತೆ ಇದೆ.

ಬೆಲೆಯನ್ನು ಸರಿಯಾಗಿ ಹೋಲಿಸುವುದು ಹೇಗೆ?

ಸ್ಟ್ರಿಪ್‌ನ ಬೆಲೆ ನೋಡಿದರೆ ಮೋಸ ಹೋಗುತ್ತೀರಿ, ಒಂದು ಮಾತ್ರೆಯ ಬೆಲೆ ತೆಗೆಯಿರಿ. ಒಂದರಲ್ಲಿ 10, ಇನ್ನೊಂದರಲ್ಲಿ 15, ಮತ್ತೊಂದರಲ್ಲಿ 30 ಮಾತ್ರೆ ಇರುತ್ತವೆ. ಲೆಕ್ಕ ತೋರಿಸಲು ಕೆಲವು ಅಂಕಿ ಹಾಕೋಣ, ಇವು ಯಾವ ಬ್ರಾಂಡಿನ ನಿಜ ಬೆಲೆಯೂ ಅಲ್ಲ. ಶುಗರ್ ಮಾತ್ರೆಯ ಒಂದು ಬ್ರಾಂಡ್ 15ಕ್ಕೆ 165 ರೂಪಾಯಿ, ಅಂದರೆ ಒಂದಕ್ಕೆ 11. ಅದೇ ಕಂಪೊಸಿಷನ್‌ನ ಜನರಿಕ್ 10ಕ್ಕೆ 40, ಅಂದರೆ ಒಂದಕ್ಕೆ 4. ದಿನಕ್ಕೆ ಎರಡರಂತೆ ತಿಂಗಳಿಗೆ 60 ಮಾತ್ರೆ. ಉಳಿತಾಯ 7 ಗುಣಿಸು 60, ತಿಂಗಳಿಗೆ 420 ರೂಪಾಯಿ.

ಮಾಮೂಲಿ ಮೆಡಿಕಲ್ ಶಾಪ್‌ನಲ್ಲಿ "ಜನರಿಕ್ ಕೊಡಿ" ಎಂದು ಕೇಳುವವರು ಒಂದು ವಿಷಯ ತಿಳಿದಿರಬೇಕು. ಜಾಹೀರಾತು, ಪ್ರತಿನಿಧಿಗಳಿಲ್ಲದೆ ನೇರ ಅಂಗಡಿಗೆ ಮಾರುವ ಜನರಿಕ್‌ಗಳಲ್ಲಿ ಕೆಲವಕ್ಕೆ ಎಂಆರ್‌ಪಿಯನ್ನು ದೊಡ್ಡ ಬ್ರಾಂಡಿನ ಹತ್ತಿರಕ್ಕೇ ಮುದ್ರಿಸಿರುತ್ತಾರೆ. ಅಂಗಡಿಯವರಿಗೆ ಅದು ಬಿದ್ದಿರುವುದು ತೀರ ಕಡಿಮೆಗೆ. ನಡುವಿನ ಅಂತರವೆಲ್ಲ ಅಂಗಡಿಯ ಲಾಭ. ಹೀಗಾದಾಗ ಜನರಿಕ್ ಕೊಂಡರೂ ನಿಮಗೆ ಏನೂ ಉಳಿಯುವುದಿಲ್ಲ. ಆದ್ದರಿಂದ "ಜನರಿಕ್ ಇದೆಯೇ" ಎಂದು ಕೇಳುವುದಕ್ಕಿಂತ "ಇದೇ ಕಂಪೊಸಿಷನ್‌ನಲ್ಲಿ ಒಂದು ಮಾತ್ರೆಗೆ ಎಲ್ಲಕ್ಕಿಂತ ಕಡಿಮೆ ಬೀಳುವುದು ಯಾವುದು, ನನಗೆ ಎಷ್ಟಕ್ಕೆ ಕೊಡುತ್ತೀರಿ" ಎಂದು ಕೇಳಿ. ಎಂಆರ್‌ಪಿ ಎಂಬುದು ಗರಿಷ್ಠ ಬೆಲೆ, ಅದಕ್ಕಿಂತ ಕಡಿಮೆಗೆ ಮಾರಲು ಯಾವ ಅಡ್ಡಿಯೂ ಇಲ್ಲ. ತೆರಿಗೆ ಅದರೊಳಗೇ ಸೇರಿರುತ್ತದೆ, ಬಿಲ್‌ನಲ್ಲಿ ಮತ್ತೆ ಸೇರಿಸುವಂತಿಲ್ಲ.

ಜನೌಷಧಿಯಲ್ಲಿ ಈ ಸಮಸ್ಯೆ ಇಲ್ಲ. ಅಲ್ಲಿನ ಬೆಲೆಯ ನಿಯಮ, ಮುಂಚೂಣಿಯ ಮೂರು ಬ್ರಾಂಡ್‌ಗಳ ಸರಾಸರಿ ಬೆಲೆಯ ಅರ್ಧವನ್ನು ಮೀರಬಾರದು ಎಂಬುದು. ಎಲ್ಲ ಕೇಂದ್ರದಲ್ಲೂ ಮುದ್ರಿತ ಬೆಲೆ ಒಂದೇ.

ಸರ್ಕಾರವೇ ಬೆಲೆ ಕಟ್ಟಿರುವಾಗ ಬ್ರಾಂಡ್‌ಗಳ ನಡುವೆ ಇಷ್ಟು ವ್ಯತ್ಯಾಸ ಏಕೆ?

2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇರುವವಕ್ಕೆ ಮಾತ್ರ ಗರಿಷ್ಠ ಬೆಲೆ ನಿಗದಿಯಾಗುತ್ತದೆ. ಆ ಗರಿಷ್ಠ ಬೆಲೆಯನ್ನು ತೆಗೆಯುವುದು ತಯಾರಿಕೆಯ ವೆಚ್ಚದಿಂದ ಅಲ್ಲ. ಮಾರುಕಟ್ಟೆಯಲ್ಲಿ ಶೇಕಡಾ 1ರಷ್ಟಾದರೂ ಪಾಲಿರುವ ಬ್ರಾಂಡ್‌ಗಳ ಸರಾಸರಿಗೆ ಚಿಲ್ಲರೆ ಅಂಗಡಿಯ ಶೇಕಡಾ 16 ಲಾಭ ಸೇರಿಸಿ ತೆಗೆಯುತ್ತಾರೆ. ಹಾಗಾಗಿ ಬ್ರಾಂಡ್‌ಗಳೆಲ್ಲ ದುಬಾರಿಯಾಗಿದ್ದರೆ ಆ ಗರಿಷ್ಠವೂ ಎತ್ತರದಲ್ಲೇ ಇರುತ್ತದೆ. ಪಟ್ಟಿಯ ಹೊರಗಿನ ಔಷಧಕ್ಕೆ ಇರುವ ಮಿತಿ ಒಂದೇ: ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ.

ಚೀಟಿಯಲ್ಲಿ ಬ್ರಾಂಡ್ ಬರೆದಿದೆ. ಬದಲಿ ಕೊಡಲು ಅಂಗಡಿಯವರು ಒಪ್ಪುತ್ತಿಲ್ಲ. ಇದು ಸರಿಯೇ?

ಕಾನೂನಿನ ಪ್ರಕಾರ ಅವರು ಹೇಳುವುದು ಸರಿ. ಔಷಧ ನಿಯಮಗಳ 65(11ಎ) ಪ್ರಕಾರ ಶೆಡ್ಯೂಲ್ ಎಚ್ ಮತ್ತು ಎಕ್ಸ್ ಎಂಬ, ಡಾಕ್ಟರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಪಟ್ಟಿಗಳ ಔಷಧ ಇರುವ ಚೀಟಿಗೆ, ಬರೆದದ್ದರ ಬದಲು ಬೇರೆಯದನ್ನು, ಅದೇ ಸಾಲ್ಟ್ ಇದ್ದರೂ, ಕೊಡುವಂತಿಲ್ಲ. ಬಿಪಿ, ಶುಗರ್ ಮಾತ್ರೆಗಳು ಹೆಚ್ಚಾಗಿ ಶೆಡ್ಯೂಲ್ ಎಚ್‌ನವು. ಅಂಗಡಿಯವರ ಮೇಲೆ ಸಿಟ್ಟಾಗುವ ಬದಲು ಚೀಟಿಯನ್ನೇ ಸರಿಪಡಿಸಿಕೊಳ್ಳುವುದು ದಾರಿ. ಚೀಟಿಯಲ್ಲಿ ಜನರಿಕ್ ಹೆಸರೇ ಇದ್ದರೆ ಈ ತಡೆ ಬರುವುದಿಲ್ಲ.

ಡಾಕ್ಟರನ್ನು ಹೇಗೆ ಕೇಳುವುದು? ಬೇಸರ ಮಾಡಿಕೊಳ್ಳುವುದಿಲ್ಲವೇ?

ಜನರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯರ ನಡವಳಿಕೆಯ 2002ರ ನಿಯಮಗಳಲ್ಲೇ ಇದೆ. ಆದರೂ ನಿಯಮ ತೋರಿಸಿ ವಾದಿಸುವುದಕ್ಕಿಂತ ಹಾಳೆ ತೋರಿಸುವುದು ಫಲ ಕೊಡುತ್ತದೆ. ತಪಾಸಣೆ ಮುಗಿದು ಚೀಟಿ ಬರೆಯುವ ಹೊತ್ತಿಗೆ, "ಡಾಕ್ಟ್ರೇ, ಈ ಮೂರಕ್ಕೂ ಜನೌಷಧಿಯಲ್ಲಿ ಇದೇ ಕಂಪೊಸಿಷನ್ ಇದೆ. ತಿಂಗಳಿಗೆ ಇಷ್ಟು ಉಳಿಯುತ್ತದೆ. ನಾನು ತೆಗೆದುಕೊಳ್ಳಬಹುದೇ? ಆಗುವುದಾದರೆ ಸಾಲ್ಟಿನ ಹೆಸರಲ್ಲಿ ಬರೆದುಕೊಡಿ" ಎಂದು ಕೇಳಿ. ಹಾಳೆಯಲ್ಲಿ ಪ್ರಮಾಣ, ಎಸ್‌ಆರ್ ಎಲ್ಲ ಸರಿಯಾಗಿ ಇದ್ದಾಗ ಅವರಿಗೆ ನೋಡಲು ಅರ್ಧ ನಿಮಿಷ ಸಾಕು.

ಒಂದನ್ನು ಬದಲಿಸಬೇಡಿ ಎಂದರೆ ಕಾರಣ ಕೇಳಿ. ಅದಕ್ಕೆ ಕಾರಣ ಇರಬಹುದು, ಮುಂದೆ ಹೇಳಿದ್ದೇವೆ. ಉಳಿದ ಎರಡನ್ನಾದರೂ ಬದಲಿಸಬಹುದು.

ಜೋಡಿ ಮಾತ್ರೆ ಸಿಗದಿದ್ದರೆ ಎರಡು ಬಿಡಿ ಮಾತ್ರೆ ತೆಗೆದುಕೊಳ್ಳಬಹುದೇ?

ಟೆಲ್ಮಿಸಾರ್ಟನ್ 40 ಒಂದು, ಹೈಡ್ರೋಕ್ಲೋರೋಥಯಾಜೈಡ್ 12.5 ಒಂದು ಒಟ್ಟಿಗೆ ನುಂಗಿದರೆ ಔಷಧದ ಲೆಕ್ಕ ಅಷ್ಟೇ ಆಗುತ್ತದೆ. ಡಾಕ್ಟರು ಒಪ್ಪಿ ಹಾಗೆ ಬರೆದುಕೊಟ್ಟರೆ ಅಡ್ಡಿಯಿಲ್ಲ. ತೊಂದರೆ ಬರುವುದು ನೆನಪಿನಲ್ಲಿ: ಎರಡರಲ್ಲಿ ಒಂದು ತಪ್ಪಿಹೋಗುತ್ತದೆ, ಅಥವಾ ಒಂದು ಮುಗಿದು ಇನ್ನೊಂದು ಉಳಿಯುತ್ತದೆ. ದಿನಕ್ಕೆ ಏಳೆಂಟು ಮಾತ್ರೆ ನುಂಗುವ ವಯಸ್ಸಾದವರಿಗೆ ನಾವು ಇದನ್ನು ಹೇಳುವುದಿಲ್ಲ.

ದೊಡ್ಡ ಪ್ರಮಾಣದ ಮಾತ್ರೆಯನ್ನು ಮುರಿದು ಅರ್ಧರ್ಧ ತೆಗೆದುಕೊಳ್ಳುವುದು ಇನ್ನೊಂದು ಉಪಾಯ. ಎರಡು ಪದರದ ಮಾತ್ರೆ, ಎಸ್‌ಆರ್ ಮೆಟ್‌ಫಾರ್ಮಿನ್ ಇವುಗಳಿಗೆ ಅದು ಸಲ್ಲದು. ಮುರಿದರೆ, ಅಗಿದರೆ, ಪುಡಿ ಮಾಡಿದರೆ ನಿಧಾನವಾಗಿ ಬರಬೇಕಾದದ್ದು ಒಮ್ಮೆಲೇ ಬಂದುಬಿಡುತ್ತದೆ.

ಅಷ್ಟು ಅಗ್ಗಕ್ಕೆ ಕೊಡುವ ಮಾತ್ರೆ ಕೆಲಸ ಮಾಡುತ್ತದೆಯೇ?

ಅಗ್ಗವಾಗಲು ಮುಖ್ಯ ಕಾರಣ ಬ್ರಾಂಡ್ ಪ್ರಚಾರದ ಖರ್ಚು ಇಲ್ಲದಿರುವುದು ಮತ್ತು ಸಗಟು ಖರೀದಿ. ಜನೌಷಧಿಗೆ ಕೊಳ್ಳುವ ಔಷಧದ ಪ್ರತಿ ಬ್ಯಾಚನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಕೇಂದ್ರಗಳಿಗೆ ಕಳಿಸುವ ವ್ಯವಸ್ಥೆ ಇದೆ.

ಪೂರ್ತಿ ಚಿತ್ರ ಹೇಳಬೇಕೆಂದರೆ ಇನ್ನೂ ಎರಡು ಮಾತು ಸೇರಿಸಬೇಕು. ನೀರಿನಲ್ಲಿ ಸುಲಭವಾಗಿ ಕರಗದ ಗುಂಪಿನ ಔಷಧಗಳ ಜನರಿಕ್‌ಗೆ ಲೈಸೆನ್ಸ್ ಕೇಳುವಾಗ, ಅದು ರಕ್ತದಲ್ಲಿ ಮೂಲ ಔಷಧದಷ್ಟೇ ಸೇರುತ್ತದೆ ಎಂಬ ಅಧ್ಯಯನ ಕೊಡಬೇಕೆಂಬುದು ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ಲೈಸೆನ್ಸ್ ಪಡೆದ ಎಲ್ಲ ಉತ್ಪನ್ನಗಳಿಗೂ ಆ ಅಧ್ಯಯನ ಆಗಿದೆ ಎನ್ನುವಂತಿಲ್ಲ. ಈ ಮಾತು ಅಗ್ಗದ ಜನರಿಕ್‌ಗೆ ಎಷ್ಟು ಅನ್ವಯಿಸುತ್ತದೋ ದುಬಾರಿ ಬ್ರಾಂಡ್‌ಗೂ ಅಷ್ಟೇ ಅನ್ವಯಿಸುತ್ತದೆ, ಏಕೆಂದರೆ ನಮ್ಮಲ್ಲಿ ಹೆಸರು ಮಾಡಿದ ಬ್ರಾಂಡ್‌ಗಳಲ್ಲಿ ಬಹುಪಾಲು ತಾವೇ ಜನರಿಕ್‌ಗಳು, ಅವಕ್ಕೊಂದು ಹೆಸರಿಟ್ಟಿದ್ದಾರೆ ಅಷ್ಟೆ. ಎರಡನೆಯ ಮಾತು, ಗುಣಮಟ್ಟದಲ್ಲಿ ಬಿದ್ದ ಬ್ಯಾಚ್‌ಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು `cdsco.gov.in` ತಾಣದಲ್ಲಿ ಹಾಕುತ್ತದೆ. ಅದರಲ್ಲಿ ಹೆಸರಾಂತ ಕಂಪನಿಗಳೂ ಇರುತ್ತವೆ. ಬೆಲೆ ನೋಡಿ ಗುಣ ಅಳೆಯಲಾಗದು. ನೀವು ಮಾಡಬಹುದಾದದ್ದು ಇಷ್ಟು: ಬಿಲ್ ತೆಗೆದುಕೊಳ್ಳಿ, ಅದರಲ್ಲಿ ಬ್ಯಾಚ್ ನಂಬರ್ ಇದೆಯೇ ನೋಡಿ, ಕತ್ತರಿಸಿದ ಸ್ಟ್ರಿಪ್ ಕೊಟ್ಟರೆ ಬ್ಯಾಚ್ ಮತ್ತು ಎಕ್ಸ್‌ಪೈರಿ ಇರುವ ತುದಿಯನ್ನು ಕೇಳಿ ಪಡೆಯಿರಿ.

ಯಾವ ಔಷಧಗಳನ್ನು ನಾವೇ ಬದಲಿಸಬಾರದು?

ಪ್ರಮಾಣದಲ್ಲಿ ಚೂರು ಹೆಚ್ಚುಕಡಿಮೆಯಾದರೂ ಪರಿಣಾಮ ತಪ್ಪುವ ಔಷಧಗಳಿವೆ. ಮೂರ್ಛೆ ರೋಗದ ಫೆನಿಟೋಯಿನ್ ಮತ್ತು ಕಾರ್ಬಮಜೆಪಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಹೃದಯದ ಡಿಗಾಕ್ಸಿನ್, ಮನೋರೋಗದ ಲಿಥಿಯಂ, ಕಿಡ್ನಿ ಕಸಿ ಆದವರ ಟ್ಯಾಕ್ರೊಲಿಮಸ್ ಮತ್ತು ಸೈಕ್ಲೋಸ್ಪೋರಿನ್ ಈ ಗುಂಪಿನವು. ಇವುಗಳಲ್ಲಿ ಬ್ರಾಂಡಿನಿಂದ ಜನರಿಕ್‌ಗೆ ಮಾತ್ರವಲ್ಲ, ಒಂದು ಜನರಿಕ್‌ನಿಂದ ಇನ್ನೊಂದಕ್ಕೆ ಹೋಗುವುದಕ್ಕೂ ಡಾಕ್ಟರ ಅನುಮತಿ ಮತ್ತು ರಕ್ತಪರೀಕ್ಷೆಯ ನಿಗಾ ಬೇಕು. ಥೈರಾಯ್ಡ್ ಮಾತ್ರೆ ಬದಲಿಸಿದರೆ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ನೋಡಿಸಬೇಕು. ಅದಕ್ಕೂ ಮುಂಚೆ ನೋಡಿಸಿದರೆ ಬದಲಾವಣೆ ಪೂರ್ತಿ ಕಾಣುವುದಿಲ್ಲ. ಥೈರಾಯ್ಡ್ ಮಾತ್ರೆಯ ಅಂಕಿ ಮೈಕ್ರೋಗ್ರಾಂನಲ್ಲಿ ಇರುತ್ತದೆ, ಮಿಲಿಗ್ರಾಂನಲ್ಲಿ ಅಲ್ಲ ಎಂಬುದನ್ನೂ ಗಮನಿಸಿ.

ಇನ್ಸುಲಿನ್, ಇನ್‌ಹೇಲರ್‌ಗಳಿಗೂ ಇಲ್ಲಿನ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಔಷಧದಷ್ಟೇ ಸಾಧನವೂ ಮುಖ್ಯ.

ಬದಲಿಸಿದ ಮೇಲೆ ಏನನ್ನು ಗಮನಿಸಬೇಕು?

ಎಲ್ಲಕ್ಕಿಂತ ಮೊದಲು ಹಳೆಯ ಸ್ಟ್ರಿಪ್‌ಗಳನ್ನು ಡಬ್ಬಿಯಿಂದ ತೆಗೆಯಿರಿ. ಜನರಿಕ್‌ಗೆ ಬಂದವರಲ್ಲಿ ನಮಗೆ ಅತಿ ಹೆಚ್ಚು ಭಯ ಹುಟ್ಟಿಸುವ ತಪ್ಪು ಎಂದರೆ ಹಳೆಯದನ್ನೂ ಹೊಸದನ್ನೂ ಬೇರೆ ಬೇರೆ ಮಾತ್ರೆ ಎಂದುಕೊಂಡು ಎರಡನ್ನೂ ನುಂಗುವುದು. ಹೆಸರು ಬೇರೆ, ಬಣ್ಣ ಬೇರೆ, ಓದಲು ಬಾರದ ಅಜ್ಜಿಗೆ ಅದು ಹೊಸ ಮಾತ್ರೆಯೇ. ಬಿಪಿ ಮಾತ್ರೆ ಎರಡಾದರೆ ಎದ್ದಾಗ ತಲೆಸುತ್ತಿ ಬೀಳಬಹುದು. ಗ್ಲಿಮೆಪಿರೈಡ್ ಎರಡಾದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುತ್ತದೆ.

ಶುಗರ್ ಇಳಿದಾಗ ಕೈನಡುಕ, ಎದೆಬಡಿತ, ಹಸಿವು, ಬೆವರು, ಮಂಕು ಕಾಣಿಸುತ್ತವೆ. ನಮ್ಮ ಉದಾಹರಣೆಯ ಚೀಟಿಯಲ್ಲಿ ಮೆಟೊಪ್ರೊಲಾಲ್ ಕೂಡ ಇದೆ. ಅದು ನಡುಕವನ್ನೂ ಎದೆಬಡಿತವನ್ನೂ ಮುಚ್ಚಿಹಾಕುತ್ತದೆ. ಉಳಿಯುವ ಸುಳಿವು ಮುಖ್ಯವಾಗಿ ಬೆವರು ಮತ್ತು ಮಂಕು. ಇಂಥವರು ಕಾರಣವಿಲ್ಲದೆ ಬೆವರಿದರೆ ಗ್ಲೂಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದು ಎಚ್ಚರ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಗ್ಲಿಮೆಪಿರೈಡ್‌ನ ಪ್ರಭಾವ ಗಂಟೆಗಟ್ಟಲೆ ಇರುವುದರಿಂದ ಒಮ್ಮೆ ಏರಿದ ಶುಗರ್ ಮತ್ತೆ ಇಳಿಯಬಹುದು, ಆದ್ದರಿಂದ ಅಂದೇ ಡಾಕ್ಟರಿಗೆ ತಿಳಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಇನ್ನು ಮಾಮೂಲಿ ನಿಗಾ. ಬದಲಿಸುವ ಮುಂಚಿನ ಒಂದು ವಾರ ಮತ್ತು ಬದಲಿಸಿದ ನಂತರದ ಎರಡು ವಾರ, ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ ಬಿಪಿ ಬರೆದಿಡಿ. ವಾರಕ್ಕೆ ಎರಡು ಮೂರು ಬಾರಿ ಬೆಳಗಿನ ಖಾಲಿ ಹೊಟ್ಟೆಯ ಶುಗರ್ ನೋಡಿ. ಮುಂಚಿನ ವಾರದ ಅಂಕಿಗಳು ಇಲ್ಲದಿದ್ದರೆ ನಂತರದವನ್ನು ಹೋಲಿಸಲು ಏನೂ ಇರುವುದಿಲ್ಲ. ಒಂದು ದಿನದ ಏರಿಳಿತಕ್ಕೆ ಗಾಬರಿ ಬೇಡ, ವಾರದ ಸರಾಸರಿಯೇ ಏರಿದ್ದರೆ ಡಾಕ್ಟರಿಗೆ ತೋರಿಸಿ. ಸಾಧ್ಯವಾದರೆ ಮೂರನ್ನೂ ಒಂದೇ ದಿನ ಬದಲಿಸಬೇಡಿ. ಒಂದೊಂದಾಗಿ ಬದಲಿಸಿದರೆ ಏನಾದರೂ ವ್ಯತ್ಯಾಸ ಬಂದಾಗ ಯಾವುದರಿಂದ ಎಂದು ಗೊತ್ತಾಗುತ್ತದೆ.

ಹೊಸ ಮೆಟ್‌ಫಾರ್ಮಿನ್ ಎಸ್‌ಆರ್ ಮಾತ್ರೆ ಮಲದಲ್ಲಿ ಹಾಗೇ ಬರುತ್ತಿದೆ. ಕರಗುತ್ತಿಲ್ಲವೇ?

ಕೆಲವು ಎಸ್‌ಆರ್ ಮಾತ್ರೆಗಳಲ್ಲಿ ಔಷಧವನ್ನು ಹಿಡಿದಿಡುವ ಮೆತ್ತನೆಯ ಜಾಲ ಇರುತ್ತದೆ. ಔಷಧ ಹೊರಬಂದ ಮೇಲೆ ಖಾಲಿ ಜಾಲ ಮಾತ್ರೆಯ ಆಕಾರದಲ್ಲೇ ಹೊರಗೆ ಬೀಳುವುದುಂಟು. ಶುಗರ್ ಅಂಕಿ ಮೊದಲಿನಂತೆಯೇ ಇದ್ದರೆ ಚಿಂತೆ ಬೇಡ. ಜೊತೆಗೆ ಭೇದಿಯೂ ಇದ್ದು ಶುಗರ್ ಏರಿದ್ದರೆ ಮಾತ್ರ ಡಾಕ್ಟರಿಗೆ ಹೇಳಿ.

ವಾರದ ಮಾತ್ರೆಗಳನ್ನು ಡಬ್ಬಿಯಲ್ಲಿ ತುಂಬಿಡಬಹುದೇ?

ಟೆಲ್ಮಿಸಾರ್ಟನ್ ಬಿಟ್ಟು. ಅದು ಗಾಳಿಯ ತೇವವನ್ನು ಹೀರಿ ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನಲ್ಲಿ ಇನ್ನೂ ಬೇಗ. ನುಂಗುವ ಹೊತ್ತಿಗೇ ಸ್ಟ್ರಿಪ್‌ನಿಂದ ತೆಗೆಯಿರಿ. ಡಬ್ಬಿ ಬೇಕೇ ಬೇಕೆಂದರೆ ಸ್ಟ್ರಿಪ್ಪನ್ನೇ ಒಂದೊಂದು ಮಾತ್ರೆಯ ತುಂಡಾಗಿ, ಗುಳ್ಳೆ ಒಡೆಯದಂತೆ ಕತ್ತರಿಸಿ ಹಾಕಿಡಬಹುದು. ಅಗ್ಗದ ಟೆಲ್ಮಿಸಾರ್ಟನ್ ಪುಡಿಯಾಗುತ್ತದೆ ಎಂಬ ದೂರು ಬಂದಾಗ ಮೊದಲು ವಿಚಾರಿಸಬೇಕಾದದ್ದು ಅದನ್ನು ಎಲ್ಲಿಟ್ಟಿದ್ದರು ಎಂದು.

ತೊಂದರೆಯಾದರೆ, ಹೆಚ್ಚು ಹಣ ತೆಗೆದುಕೊಂಡರೆ ಯಾರಿಗೆ ಹೇಳುವುದು?

ಮುದ್ರಿತ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡರೆ ಬೆಲೆ ಪ್ರಾಧಿಕಾರದ 1800 111 255ಕ್ಕೆ ಕರೆ ಮಾಡಿ. ಬಿಲ್ ಮತ್ತು ಸ್ಟ್ರಿಪ್‌ನ ಫೋಟೊ ಕೈಯಲ್ಲಿರಲಿ. ಮಾತ್ರೆಯಿಂದ ಅಡ್ಡಪರಿಣಾಮ ಆಗಿದೆ ಎನಿಸಿದರೆ ಡಾಕ್ಟರಿಗೆ ತಿಳಿಸಿದ ಮೇಲೆ 1800 180 3024ಕ್ಕೂ ವರದಿ ಮಾಡಬಹುದು. ಅಲ್ಲಿ ಔಷಧದ ಹೆಸರು, ಬ್ಯಾಚ್ ನಂಬರ್, ಶುರುಮಾಡಿದ ದಿನ ಹೇಳಬೇಕಾಗುತ್ತದೆ, ಆದ್ದರಿಂದ ಕೊನೆಯ ಮಾತ್ರೆ ಮುಗಿಯುವ ತನಕ ಸ್ಟ್ರಿಪ್‌ನ ಬ್ಯಾಚ್ ಇರುವ ತುದಿಯನ್ನು ಹರಿದು ಎಸೆಯಬೇಡಿ. ಮಾತ್ರೆಗಳನ್ನು ಇನ್ನೊಂದು ತುದಿಯಿಂದ ತೆಗೆಯುತ್ತ ಬನ್ನಿ.